ಡಮ್ಮಿ ಕಾಲಂನ ಸೊನ್ನೆ ಮತ್ತು 240 ರೂಪಾಯಿಯ ವ್ಯತ್ಯಾಸ

ಪ್ರಶ್ನೆ: ಸರ್, ನಾನು ಕುಮಟಾದವಳು, ಬಿಬಿಎ ಕೊನೆಯ ವರ್ಷ. ಪ್ರಾಜೆಕ್ಟಿಗೆ ಮೂರು ಐಸ್ ಪ್ಲಾಂಟ್‌ಗಳಿಂದ ಮೂರು ಬಂದರಿಗೆ ಐಸ್ ಕಳಿಸುವ ಲೆಕ್ಕ ತಗೊಂಡಿದ್ದೇನೆ. ಸಪ್ಲೈ 300 ಬ್ಲಾಕ್, ಡಿಮ್ಯಾಂಡ್ 240 ಮಾತ್ರ. ಡಮ್ಮಿ ಕಾಲಂ ಹಾಕಿ, ಅದರಲ್ಲಿ ಸೊನ್ನೆ ಬರೆದು, ವೋಗೆಲ್ ವಿಧಾನದಲ್ಲಿ ಬಿಡಿಸಿದರೆ 2440 ರೂಪಾಯಿ ಬಂತು. ಎಕ್ಸೆಲ್ ಸಾಲ್ವರ್ 2200 ತೋರಿಸ್ತಿದೆ. ಎಷ್ಟು ಸಲ ನೋಡಿದರೂ ಕೂಡುವ ಕಳೆಯುವ ತಪ್ಪು ಸಿಗ್ತಿಲ್ಲ. ಡಮ್ಮಿ ಹಾಕಿದ್ದೇ ತಪ್ಪಾ?

ಉತ್ತರ: ಡಮ್ಮಿ ಹಾಕಿದ್ದು ಸರಿ, ಯಾರಿಗೂ ಬೇಡದೆ ಉಳಿಯುವ 60 ಬ್ಲಾಕನ್ನು ತೋರಿಸಲು ಲೆಕ್ಕಕ್ಕೆ ಮಾತ್ರ ಇರುವ ಒಂದು ಬಂದರು ಅದು. ನೀವು ಕಳಿಸಿದ ಹಾಳೆಯನ್ನು ಸಾಲುಸಾಲಾಗಿ ನೋಡಿದೆ, ಲೆಕ್ಕದಲ್ಲೂ ತಪ್ಪಿಲ್ಲ. 2440 ಮತ್ತು 2200ರ ನಡುವಿನ 240 ರೂಪಾಯಿ ಹೋಗಿದ್ದು ಒಂದೇ ಒಂದು ಹಂಚಿಕೆಯಲ್ಲಿ, ಅದೂ ನಿಮ್ಮ ಮೊಟ್ಟಮೊದಲ ಹಂಚಿಕೆಯಲ್ಲಿ. ಆ ಹಂಚಿಕೆಯನ್ನು ನಿಮ್ಮ ಕೈಯಲ್ಲಿ ಮಾಡಿಸಿದ್ದು ಡಮ್ಮಿ ಕಾಲಂನ ಸೊನ್ನೆ.

ಬೇರೆ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ಕೋಷ್ಟಕವನ್ನೇ ಇಲ್ಲಿ ಕೊಡುತ್ತೇನೆ. ಒಳಗಿರುವ ಅಂಕಿಗಳು ಒಂದು ಬ್ಲಾಕ್ ಐಸ್ ಸಾಗಿಸಲು ತಗಲುವ ರೂಪಾಯಿ.

| ಪ್ಲಾಂಟ್ | ಕಾರವಾರ | ತದಡಿ | ಭಟ್ಕಳ | ಡಮ್ಮಿ | ಸಪ್ಲೈ |
|---|---|---|---|---|---|
| ಅಂಕೋಲಾ | 9 | 7 | 22 | 0 | 120 |
| ಕುಮಟಾ | 17 | 8 | 14 | 0 | 100 |
| ಹೊನ್ನಾವರ | 21 | 12 | 10 | 0 | 80 |
| ಡಿಮ್ಯಾಂಡ್ | 90 | 60 | 90 | 60 | 300 |

ನಮ್ಮ ಕರಾವಳಿಯ ರಸ್ತೆ ಗೊತ್ತಿದ್ದವರಿಗೆ ಈ ಅಂಕಿಗಳು ಸಹಜವಾಗಿಯೇ ಕಾಣುತ್ತವೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಲ್ಲವೂ ಒಂದೇ ಹೆದ್ದಾರಿಯ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿವೆ. ತದಡಿಗೆ ಮಾತ್ರ ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣದ ಕಡೆ ತಿರುಗಬೇಕು. ಅಂಕೋಲಾದ ಲಾರಿಗೆ ಕಾರವಾರವೂ ತದಡಿಯೂ ಹತ್ತಿರ, ಭಟ್ಕಳ ದೂರ. ಹೊನ್ನಾವರಕ್ಕೆ ಭಟ್ಕಳ ಹತ್ತಿರ, ಕಾರವಾರ ದೂರ. ಕುಮಟಾ ನಡುವೆ ಇದೆ. ಈ ಚಿತ್ರ ತಲೆಯಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಮೊದಲ ಹೆಜ್ಜೆಗೆ ಬರೋಣ. ಪ್ರತಿ ಸಾಲಿನಲ್ಲೂ ಪ್ರತಿ ಕಾಲಂನಲ್ಲೂ ಅತಿ ಕಡಿಮೆ ದರ ಮತ್ತು ಅದರ ಮುಂದಿನ ದರದ ವ್ಯತ್ಯಾಸವೇ ಪೆನಾಲ್ಟಿ. ಪೆನಾಲ್ಟಿ ಎಲ್ಲಿ ಅತಿ ದೊಡ್ಡದೋ ಅಲ್ಲಿನ ಅತಿ ಅಗ್ಗದ ಮನೆಗೆ ಮೊದಲು ಹಂಚುವುದೇ ವೋಗೆಲ್ ವಿಧಾನ. ನಿಮಗೆ ಬಂದಿದ್ದು ಹೀಗೆ. ಅಂಕೋಲಾ ಸಾಲಿಗೆ 7, ಕುಮಟಾಕ್ಕೆ 8, ಹೊನ್ನಾವರಕ್ಕೆ 10. ಕಾಲಂಗಳಲ್ಲಿ ಕಾರವಾರಕ್ಕೆ 8, ತದಡಿಗೆ 1, ಭಟ್ಕಳಕ್ಕೆ 4, ಡಮ್ಮಿಗೆ 0. ಎಲ್ಲಕ್ಕಿಂತ ದೊಡ್ಡದು ಹೊನ್ನಾವರದ 10. ಆ ಸಾಲಿನಲ್ಲಿ ಅತಿ ಅಗ್ಗದ ಮನೆ ಡಮ್ಮಿ. ಹಾಗಾಗಿ ಹೊನ್ನಾವರದ 60 ಬ್ಲಾಕ್ ಡಮ್ಮಿಗೆ ಹೋಯಿತು. ನಿಯಮದ ಪ್ರಕಾರ ಇದು ಸರಿ.

ಆದರೆ ಆ ಸಾಲುಗಳ ಪೆನಾಲ್ಟಿಯನ್ನು ಇನ್ನೊಮ್ಮೆ ನೋಡಿ. 7, 8, 10. ಇವು ಎಲ್ಲಿಂದ ಬಂದವು? ಪ್ರತಿ ಸಾಲಿನಲ್ಲೂ ಅತಿ ಕಡಿಮೆ ದರ ಸೊನ್ನೆ. ಅದರ ಮುಂದಿನದು ಆ ಪ್ಲಾಂಟ್‌ನ ಅತಿ ಅಗ್ಗದ ನಿಜವಾದ ದಾರಿ. ಅದರಿಂದ ಸೊನ್ನೆ ಕಳೆದರೆ ಉಳಿಯುವುದು ಆ ದರವೇ. ಅಂದರೆ ಇದು ವ್ಯತ್ಯಾಸವೇ ಅಲ್ಲ, ಸುಮ್ನೆ ಅತಿ ಅಗ್ಗದ ದರವನ್ನೇ ಮತ್ತೆ ಬರೆದ ಹಾಗೆ. ಪೆನಾಲ್ಟಿ ಹೇಳಬೇಕಾದದ್ದು ಬೇರೆ ವಿಷಯ. ಈ ಪ್ಲಾಂಟ್‌ಗೆ ಅದರ ಒಳ್ಳೆಯ ದಾರಿ ತಪ್ಪಿದರೆ ಎರಡನೇ ದಾರಿಯಲ್ಲಿ ಎಷ್ಟು ಜಾಸ್ತಿ ಕೊಡಬೇಕು ಅನ್ನುವುದನ್ನು ಅದು ಹೇಳಬೇಕು. ಅಂಕೋಲಾಕ್ಕೆ ತದಡಿ ತಪ್ಪಿದರೆ ಕಾರವಾರ ಇದೆ, ಜಾಸ್ತಿ 2. ಕುಮಟಾಕ್ಕೆ ತದಡಿ ತಪ್ಪಿದರೆ ಭಟ್ಕಳ, ಜಾಸ್ತಿ 6. ಹೊನ್ನಾವರಕ್ಕೆ ಭಟ್ಕಳ ತಪ್ಪಿದರೆ ತದಡಿ, ಜಾಸ್ತಿ 2. ಈ 2, 6, 2 ಅನ್ನುವ ಮಾಹಿತಿ ನಿಮ್ಮ ಕೋಷ್ಟಕದಲ್ಲಿ ಇತ್ತು. ಸೊನ್ನೆ ಬಂದು ಕೂತ ತಕ್ಷಣ ಅದು ಮುಚ್ಚಿಹೋಯಿತು.

ಸೊನ್ನೆ ಇದ್ದಾಗ ವಿಧಾನ ಹುಡುಕಿದ್ದು, ತನ್ನ ಅತಿ ಒಳ್ಳೆಯ ದಾರಿಯಲ್ಲೂ ಯಾವ ಪ್ಲಾಂಟ್ ಜಾಸ್ತಿ ಖರ್ಚು ಮಾಡುತ್ತದೆ ಅನ್ನುವುದನ್ನು. ಹೊನ್ನಾವರ ಅಂತ ಉತ್ತರ ಬಂತು, 10 ರೂಪಾಯಿ ಉಳಿಯಿತು ಅಂತ ಅದರ ಐಸನ್ನು ಕೂರಿಸಿತು. ಆದರೆ ಭಟ್ಕಳಕ್ಕೆ ಐಸ್ ಬೇಕೇ ಬೇಕಲ್ವಾ? ಹೊನ್ನಾವರ ಕಳಿಸದಿದ್ದರೆ ಕುಮಟಾ 14 ರೂಪಾಯಿಗೆ ಕಳಿಸಬೇಕು. ಹೊನ್ನಾವರದಲ್ಲಿ ಉಳಿದದ್ದು 10, ಕುಮಟಾದಲ್ಲಿ ಹೋದದ್ದು 14. ಪ್ರತಿ ಬ್ಲಾಕಿಗೆ 4 ರೂಪಾಯಿ ನಷ್ಟ, 60 ಬ್ಲಾಕಿಗೆ 240. ನೀವು ಹುಡುಕುತ್ತಿದ್ದ ವ್ಯತ್ಯಾಸ ಇದೇ.

ಮುಂದೆ ನೀವು ಮಾಡಿದ್ದೆಲ್ಲ ಚೆನ್ನಾಗಿದೆ. ಡಮ್ಮಿ ಕಾಲಂ ಹೋದ ಮೇಲೆ ಪೆನಾಲ್ಟಿ ಮತ್ತೆ ತೆಗೆದಿರಿ, ಕಾರವಾರದ 8 ದೊಡ್ಡದಾಯಿತು, ಅಂಕೋಲಾದಿಂದ 90 ಕಳಿಸಿದಿರಿ. ಅಂಕೋಲಾದ ಉಳಿದ 30 ತದಡಿಗೆ, ತದಡಿಗೆ ಬೇಕಾದ ಇನ್ನೂ 30 ಕುಮಟಾದಿಂದ. ಕೊನೆಗೆ ಭಟ್ಕಳಕ್ಕೆ ಕುಮಟಾದ 70, ಹೊನ್ನಾವರದ 20. ಖರ್ಚು 810 + 210 + 240 + 980 + 200, ಒಟ್ಟು 2440. ಕೊನೆಯ ಎರಡು ಅಂಕಿಗಳನ್ನು ನೋಡಿ. ಕುಮಟಾದಿಂದ ಭಟ್ಕಳಕ್ಕೆ ಹೋಗುವ ಲಾರಿ ಹೊನ್ನಾವರದ ಪ್ಲಾಂಟ್‌ನ ಊರನ್ನೇ ದಾಟಿಕೊಂಡು 70 ಬ್ಲಾಕ್ ಒಯ್ಯುತ್ತಿದೆ. ಹೊನ್ನಾವರದಲ್ಲಿ 60 ಬ್ಲಾಕ್ ಸುಮ್ಮನೆ ಕೂತಿದೆ. ರಸ್ತೆ ಗೊತ್ತಿದ್ದ ಯಾವ ಲಾರಿ ಮಾಲೀಕರಾದರೂ ಇದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಇಂಥ ಪ್ರಾಜೆಕ್ಟ್ ಮಾಡುವಾಗ ಉತ್ತರವನ್ನು ನಕ್ಷೆಯ ಮೇಲೆ ಇಟ್ಟು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಈಗ ಮುಖ್ಯ ವಿಷಯ. ಆ ಸೊನ್ನೆಗೆ ಅಷ್ಟು ಬೆಲೆ ಕೊಡಬೇಕಾ?

ಡಮ್ಮಿ ಕಾಲಂನ ಡಿಮ್ಯಾಂಡ್ 60. ನೀವು ಯಾವ ಯೋಜನೆ ಮಾಡಿದರೂ, ಒಳ್ಳೆಯದೋ ಕೆಟ್ಟದೋ, ಆ ಕಾಲಂಗೆ ಒಟ್ಟು 60 ಬ್ಲಾಕ್ ಹೋಗಲೇಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹಾಗಾದರೆ ಆ ಕಾಲಂನ ಮೂರೂ ಮನೆಗಳಲ್ಲಿ ಸೊನ್ನೆಯ ಬದಲು 5 ಬರೆದರೆ ಏನಾಗುತ್ತದೆ? ಪ್ರತಿ ಯೋಜನೆಯ ಖರ್ಚೂ ಸರಿಯಾಗಿ 300 ರೂಪಾಯಿ ಏರುತ್ತದೆ. 22 ಬರೆದರೆ ಪ್ರತಿಯೊಂದೂ 1320 ಏರುತ್ತದೆ. ಎಲ್ಲವೂ ಒಂದೇ ಸಮ ಏರಿದರೆ ಯಾವುದು ಅಗ್ಗ ಅನ್ನುವುದು ಬದಲಾಗುವುದಿಲ್ಲ. ಅಂದರೆ ಅತ್ಯುತ್ತಮ ಯೋಜನೆಗೆ ಡಮ್ಮಿ ಕಾಲಂನಲ್ಲಿ ಯಾವ ಅಂಕಿ ಇದೆ ಅನ್ನುವುದು ಮುಖ್ಯವೇ ಅಲ್ಲ, ಮೂರೂ ಮನೆಯಲ್ಲಿ ಒಂದೇ ಅಂಕಿ ಇದ್ದರೆ ಸಾಕು.

ವೋಗೆಲ್ ವಿಧಾನಕ್ಕೆ ಮಾತ್ರ ಅದು ಮುಖ್ಯ. ಅದು ನೋಡುವುದು ಒಂದು ಸಾಲಿನೊಳಗಿನ ವ್ಯತ್ಯಾಸ. ಆ ಸಾಲಿನಲ್ಲಿ ಡಮ್ಮಿಯ ಮನೆ ಏರಿದರೆ ಇಳಿದರೆ ವ್ಯತ್ಯಾಸ ಬದಲಾಗುತ್ತದೆ, ಹಂಚಿಕೆಯ ಕ್ರಮವೂ ಬದಲಾಗುತ್ತದೆ. ನಿಮ್ಮ ಕೋಷ್ಟಕದಲ್ಲೇ 5 ಬರೆದು ನೋಡಿ. ಮೊದಲ ಹಂಚಿಕೆ ಅಂಕೋಲಾ–ಕಾರವಾರಕ್ಕೆ ಹೋಗುತ್ತದೆ, ಎರಡನೆಯದು ಮತ್ತೆ ಹೊನ್ನಾವರ–ಡಮ್ಮಿಗೇ ಬೀಳುತ್ತದೆ. ನಿಜವಾದ ಸಾಗಣೆ ಖರ್ಚು ಮತ್ತೆ 2440. ಸಮಸ್ಯೆ ಒಂದೇ ಇದ್ದರೂ, ಉತ್ತಮ ಉತ್ತರ ಒಂದೇ ಇದ್ದರೂ, ನಾವು ಮನಸ್ಸಿಗೆ ಬಂದಂತೆ ಹಾಕಿದ ಒಂದು ಅಂಕಿ ವಿಧಾನವನ್ನು ಎತ್ತಲೋ ಒಯ್ಯುತ್ತದೆ.

ಈ ತೊಂದರೆ ಹಳೆಯದು. ರೈನ್‌ಫೆಲ್ಡ್ ಮತ್ತು ವೋಗೆಲ್ ಈ ಪೆನಾಲ್ಟಿ ವಿಧಾನವನ್ನು 1958ರಲ್ಲಿ ಪ್ರಕಟಿಸಿದರು. ಸಪ್ಲೈ ಡಿಮ್ಯಾಂಡ್ ಸಮ ಇಲ್ಲದ ಲೆಕ್ಕಗಳಲ್ಲಿ ಸೊನ್ನೆ ಮಾಡುವ ಈ ಕಿತಾಪತಿಗೆ 1981ರಲ್ಲಿ ಶಿಮ್ಶಾಕ್ ಮತ್ತು ಸಂಗಡಿಗರು ಒಂದು ದಾರಿ ಹೇಳಿದರು. ಡಮ್ಮಿ ಸೇರಿಕೊಂಡ ಪೆನಾಲ್ಟಿಗಳನ್ನು ಲೆಕ್ಕಕ್ಕೇ ತಗೋಬೇಡಿ ಅನ್ನುವುದು ಆ ದಾರಿ. 1984ರಲ್ಲಿ ಗೋಯಲ್ ಇನ್ನೊಂದು ಹೇಳಿದರು. ಡಮ್ಮಿಯ ಮನೆಗಳಲ್ಲಿ ಸೊನ್ನೆಯ ಬದಲು ಕೋಷ್ಟಕದ ಅತಿ ದೊಡ್ಡ ದರವನ್ನು ಬರೆದು ವಿಧಾನ ನಡೆಸಿ, ಕೊನೆಗೆ ಖರ್ಚು ಹಾಕುವಾಗ ಮಾತ್ರ ಸೊನ್ನೆ ಅಂತ ಹಿಡಿಯಿರಿ ಅಂದರು. ಮೇಲೆ ನೋಡಿದೆವಲ್ಲ, ಒಂದೇ ಅಂಕಿ ಸೇರಿಸಿದರೆ ಉತ್ತಮ ಉತ್ತರ ಬದಲಾಗುವುದಿಲ್ಲ. ಹಾಗಾಗಿ ಗೋಯಲ್ ಅವರ ಮಾತಿನಲ್ಲಿ ಮೋಸವೇನೂ ಇಲ್ಲ. ದೊಡ್ಡ ದರ ಇದ್ದಾಗ ಡಮ್ಮಿ ಯಾವ ಸಾಲಿನಲ್ಲೂ ಅತಿ ಅಗ್ಗದ ಮನೆಯಾಗಿ ಮುಂದೆ ಬಂದು ನಿಲ್ಲುವುದಿಲ್ಲ. ನಿಜವಾದ ಬಂದರುಗಳ ಲೆಕ್ಕ ಮೊದಲು ಮುಗಿಯುತ್ತದೆ, ಉಳಿದದ್ದು ತಾನಾಗಿಯೇ ಡಮ್ಮಿಗೆ ಬೀಳುತ್ತದೆ.

ನಿಮ್ಮ ಕೋಷ್ಟಕದಲ್ಲಿ ಅತಿ ದೊಡ್ಡ ದರ ಅಂಕೋಲಾ–ಭಟ್ಕಳದ 22. ಡಮ್ಮಿ ಕಾಲಂ ಪೂರ್ತಿ 22 ಬರೆದು ಮೊದಲಿನಿಂದ ಮಾಡೋಣ.

ಸಾಲುಗಳ ಪೆನಾಲ್ಟಿ ಈಗ 2, 6, 2. ಕಾಲಂಗಳದ್ದು ಮೊದಲಿನಂತೆಯೇ 8, 1, 4, 0. ಡಮ್ಮಿ ಕಾಲಂ ಸೇರಿದರೂ ಬೇರೆ ಕಾಲಂಗಳ ಪೆನಾಲ್ಟಿಗೆ ಏನೂ ಆಗುವುದಿಲ್ಲ, ಕೆಡುವುದು ಸಾಲುಗಳದ್ದು ಮಾತ್ರ. ದೊಡ್ಡದು ಕಾರವಾರದ 8. ಅಲ್ಲಿ ಅಗ್ಗದ ಮನೆ ಅಂಕೋಲಾ, 90 ಬ್ಲಾಕ್. ಕಾರವಾರ ಮುಗಿಯಿತು.

ಅಂಕೋಲಾದಲ್ಲಿ ಇನ್ನು 30 ಇದೆ. ಅದರ ಮುಂದೆ ತದಡಿ 7, ಭಟ್ಕಳ 22, ಡಮ್ಮಿ 22. ಪೆನಾಲ್ಟಿ 15. ಬೇರೆ ಯಾವುದೂ ಅದರ ಹತ್ತಿರಕ್ಕೂ ಇಲ್ಲ. 30 ತದಡಿಗೆ. ಅಂಕೋಲಾ ಮುಗಿಯಿತು.

ಈಗ ಉಳಿದದ್ದು ಕುಮಟಾ ಮತ್ತು ಹೊನ್ನಾವರ. ಕುಮಟಾದ ಪೆನಾಲ್ಟಿ 14ರಿಂದ 8 ಕಳೆದು 6. ಹೊನ್ನಾವರದ್ದು 2. ತದಡಿಯದ್ದು 4, ಭಟ್ಕಳದ್ದು 4. ಕುಮಟಾ ಗೆದ್ದಿತು, ಅದರ ಅಗ್ಗದ ಮನೆ ತದಡಿ, ಅಲ್ಲಿಗೆ ಬೇಕಾದದ್ದು 30. ತದಡಿ ಮುಗಿಯಿತು.

ಈ ಮುಂದಿನ ಹೆಜ್ಜೆಯೇ ನಿಮ್ಮ ಹಾಳೆಗೂ ಇದಕ್ಕೂ ಇರುವ ವ್ಯತ್ಯಾಸ. ಕುಮಟಾದ ಮುಂದೆ ಭಟ್ಕಳ 14, ಡಮ್ಮಿ 22, ಪೆನಾಲ್ಟಿ 8. ಹೊನ್ನಾವರದ ಮುಂದೆ ಭಟ್ಕಳ 10, ಡಮ್ಮಿ 22, ಪೆನಾಲ್ಟಿ 12. ಹೊನ್ನಾವರದ ಪೆನಾಲ್ಟಿಯೇ ಇಲ್ಲೂ ದೊಡ್ಡದು. ಆದರೆ ಈಗ ಅದು ಹೊನ್ನಾವರವನ್ನು ಡಮ್ಮಿಗೆ ತಳ್ಳುತ್ತಿಲ್ಲ, ಭಟ್ಕಳಕ್ಕೆ ಕಳಿಸುತ್ತಿದೆ. ಹೊನ್ನಾವರದ 80 ಪೂರ್ತಿ ಭಟ್ಕಳಕ್ಕೆ ಹೋಯಿತು. ಭಟ್ಕಳಕ್ಕೆ ಇನ್ನೂ ಬೇಕಾದ 10 ಕುಮಟಾದಿಂದ. ಕುಮಟಾದಲ್ಲಿ ಉಳಿದ 60 ಡಮ್ಮಿಗೆ.

| ಪ್ಲಾಂಟ್ | ಕಾರವಾರ | ತದಡಿ | ಭಟ್ಕಳ | ಡಮ್ಮಿ |
|---|---|---|---|---|
| ಅಂಕೋಲಾ | 90 | 30 | – | – |
| ಕುಮಟಾ | – | 30 | 10 | 60 |
| ಹೊನ್ನಾವರ | – | – | 80 | – |

ಖರ್ಚು 810 + 210 + 240 + 140 + 800 = 2200. ಸಾಲ್ವರ್ ಹೇಳಿದ್ದೂ ಇದನ್ನೇ. ಡಮ್ಮಿಯ 60ಕ್ಕೆ 22ರಂತೆ ಖರ್ಚು ಹಾಕಬೇಡಿ, ಅದು ದಾರಿ ಹುಡುಕಲು ಮಾತ್ರ ಬರೆದ ಅಂಕಿ. ಎಷ್ಟೋ ಮಕ್ಕಳು ಇಲ್ಲಿ ಮರೆತು 3520 ಅಂತ ಬರೆದುಬಿಡುತ್ತಾರೆ.

ಶಿಮ್ಶಾಕ್ ದಾರಿಯಲ್ಲಿ ಮಾಡಿದರೂ ಈ ಲೆಕ್ಕಕ್ಕೆ ಇದೇ ಉತ್ತರ ಬರುತ್ತದೆ. ಕಾರವಾರ ಮುಗಿದ ಮೇಲೆ ಭಟ್ಕಳದ ಕಾಲಂ ಪೆನಾಲ್ಟಿ 4 ದೊಡ್ಡದಾಗುತ್ತದೆ, ಅದೇ ಹೊನ್ನಾವರವನ್ನು ಭಟ್ಕಳಕ್ಕೆ ಕಳಿಸುತ್ತದೆ. ಎರಡರಲ್ಲಿ ಯಾವುದು ಮೇಲು ಅಂತ ಕೇಳಿದರೆ, ಕೈಯಲ್ಲಿ ಮಾಡುವವರಿಗೆ ನಾನು ಗೋಯಲ್ ಅವರದ್ದನ್ನೇ ಹೇಳುತ್ತೇನೆ. ಯಾವ ಪೆನಾಲ್ಟಿ ಬಿಡಬೇಕು, ಯಾವುದು ಹಿಡಿಯಬೇಕು ಅಂತ ಪ್ರತಿ ಹೆಜ್ಜೆಯಲ್ಲೂ ಯೋಚಿಸುವ ಕೆಲಸ ಇಲ್ಲ. ಒಂದು ಅಂಕಿ ಬದಲಿಸಿದರೆ ಆಯಿತು, ಉಳಿದದ್ದು ನಿಮಗೆ ಗೊತ್ತಿರುವ ವಿಧಾನವೇ.

ಆದರೆ 22 ಬರೆದರೆ ಯಾವಾಗಲೂ ಅತ್ಯುತ್ತಮ ಉತ್ತರ ಬರುತ್ತದೆ ಅಂತ ನಂಬಬೇಡಿ. ಯಾವ ಅಂಕಿ ಬರೆದರೂ ಇದು ಅಂದಾಜಿನ ವಿಧಾನ. ಹೆಜ್ಜೆ ಹೆಜ್ಜೆಗೂ ಕಣ್ಣೆದುರಿನ ಪೆನಾಲ್ಟಿ ನೋಡಿ ನಿರ್ಧಾರ ಮಾಡುತ್ತದೆ, ಮಾಡಿದ್ದನ್ನು ಹಿಂದೆ ತಿರುಗಿ ನೋಡುವುದಿಲ್ಲ. ಸೊನ್ನೆಯಿಂದಲೇ ಒಳ್ಳೆಯ ಉತ್ತರ ಬರುವ ಕೋಷ್ಟಕಗಳೂ ಇವೆ. ಅದಕ್ಕೇ ವೋಗೆಲ್ ವಿಧಾನದಿಂದ ಬಂದದ್ದನ್ನು ಆರಂಭದ ಹಂಚಿಕೆ ಅಂತಲೇ ಕರೆಯುತ್ತಾರೆ. ಅದು ಉತ್ತಮವೋ ಅಲ್ಲವೋ ಅಂತ ಹೇಳುವುದು ಮೋಡಿ ಪರೀಕ್ಷೆ. ನಿಮ್ಮ ಹಾಳೆಯಲ್ಲಿ ಇಲ್ಲದ್ದು ಅದೊಂದೇ.

ನಿಮ್ಮ 2440ರ ಹಂಚಿಕೆಯನ್ನೇ ಪರೀಕ್ಷೆಗೆ ಹಾಕಿ ತೋರಿಸುತ್ತೇನೆ. ಇಲ್ಲಿ ಡಮ್ಮಿಗೆ ಸೊನ್ನೆಯನ್ನೇ ಇಟ್ಟುಕೊಳ್ಳಿ. ಮೊದಲು ತುಂಬಿದ ಮನೆ ಎಣಿಸಿ. ಅಂಕೋಲಾ–ಕಾರವಾರ, ಅಂಕೋಲಾ–ತದಡಿ, ಕುಮಟಾ–ತದಡಿ, ಕುಮಟಾ–ಭಟ್ಕಳ, ಹೊನ್ನಾವರ–ಭಟ್ಕಳ, ಹೊನ್ನಾವರ–ಡಮ್ಮಿ. ಆರು. ಇರಬೇಕಾದದ್ದು ಸಾಲು 3, ಕಾಲಂ 4, ಕೂಡಿ ಒಂದು ಕಳೆದರೆ 6. ಎಣಿಸುವಾಗ ಡಮ್ಮಿ ಕಾಲಂ ಬಿಟ್ಟುಬಿಡಬಾರದು, ಅದೂ ಒಂದು ಕಾಲಂ. ಹೊನ್ನಾವರದ ಸಪ್ಲೈ 80ರ ಬದಲು 60 ಇದ್ದು, ಡಮ್ಮಿಯೂ 60 ಆಗಿದ್ದರೆ ಮೊದಲ ಹೆಜ್ಜೆಯಲ್ಲೇ ಸಾಲೂ ಕಾಲಂ ಎರಡೂ ಒಟ್ಟಿಗೆ ಮುಗಿದು ಒಂದು ಮನೆ ಕಡಿಮೆ ಬೀಳುತ್ತಿತ್ತು. ಆಗ ಒಂದು ಖಾಲಿ ಮನೆಯಲ್ಲಿ ಸೊನ್ನೆ ಹಂಚಿಕೆ ಇಟ್ಟು ಎಣಿಕೆ ಸರಿಮಾಡಿಕೊಳ್ಳಬೇಕು. ನಿಮಗೆ ಆ ತಾಪತ್ರಯ ಬಂದಿಲ್ಲ.

ಪ್ರತಿ ಸಾಲಿಗೆ ಒಂದು u, ಪ್ರತಿ ಕಾಲಂಗೆ ಒಂದು v. ತುಂಬಿದ ಮನೆಗಳಲ್ಲಿ u + v ಆ ಮನೆಯ ದರಕ್ಕೆ ಸಮ ಇರಬೇಕು. ಕುಮಟಾದ u ಸೊನ್ನೆ ಅಂತ ಶುರುಮಾಡಿ. ತದಡಿಯ v 8, ಭಟ್ಕಳದ v 14. ಅಂಕೋಲಾ–ತದಡಿ 7 ಆದ್ದರಿಂದ ಅಂಕೋಲಾದ u −1, ಅಲ್ಲಿಂದ ಕಾರವಾರದ v 10. ಹೊನ್ನಾವರ–ಭಟ್ಕಳ 10 ಆದ್ದರಿಂದ ಹೊನ್ನಾವರದ u −4. ಹೊನ್ನಾವರ–ಡಮ್ಮಿ 0 ಆದ್ದರಿಂದ ಡಮ್ಮಿಯ v 4.

ಈಗ ಖಾಲಿ ಮನೆಗಳಲ್ಲಿ ದರದಿಂದ u + v ಕಳೆಯಿರಿ. ಋಣ ಬಂದರೆ ಆ ಮನೆಗೆ ಹಂಚಿಕೆ ಒಯ್ದರೆ ಲಾಭ. ಕುಮಟಾ–ಡಮ್ಮಿಯಲ್ಲಿ 0 − (0 + 4) = −4. ಅಂಕೋಲಾ–ಡಮ್ಮಿಯಲ್ಲಿ 0 − (−1 + 4) = −3. ಬೇರೆಲ್ಲ ಮನೆಗಳು ಧನ. ತಪ್ಪಿರುವುದು ಡಮ್ಮಿ ಕಾಲಂನಲ್ಲಿ ಮಾತ್ರ ಅಂತ ಪರೀಕ್ಷೆ ನೇರವಾಗಿ ಬೆರಳು ತೋರಿಸಿತು. ನಿಜವಾದ ಬಂದರುಗಳ ನಡುವೆ ನೀವು ಹಂಚಿದ ರೀತಿಯಲ್ಲಿ ಕೊರತೆ ಇಲ್ಲ, ಯಾರ ಐಸ್ ಉಳಿಯಬೇಕು ಅನ್ನುವುದರಲ್ಲಿ ಮಾತ್ರ ಎಡವಟ್ಟಾಗಿದೆ.

−4ರ ಮನೆಯಿಂದ ಸುತ್ತು ಹಾಕಿ. ಕುಮಟಾ–ಡಮ್ಮಿಗೆ ಕೂಡಿ, ಹೊನ್ನಾವರ–ಡಮ್ಮಿಯಿಂದ ಕಳೆಯಿರಿ, ಹೊನ್ನಾವರ–ಭಟ್ಕಳಕ್ಕೆ ಕೂಡಿ, ಕುಮಟಾ–ಭಟ್ಕಳದಿಂದ ಕಳೆಯಿರಿ. ಕಳೆಯುವ ಎರಡು ಮನೆಗಳಲ್ಲಿ 60 ಮತ್ತು 70 ಇವೆ. ಚಿಕ್ಕದು 60, ಅಷ್ಟನ್ನು ಸರಿಸಿ. ಹೊನ್ನಾವರ–ಡಮ್ಮಿ ಖಾಲಿ, ಹೊನ್ನಾವರ–ಭಟ್ಕಳ 80, ಕುಮಟಾ–ಭಟ್ಕಳ 10, ಕುಮಟಾ–ಡಮ್ಮಿ 60. ಮೇಲಿನ ಕೋಷ್ಟಕವೇ ಬಂತು. ಮತ್ತೆ u, v ಹಾಕಿದರೆ ಡಮ್ಮಿಯ v ಸೊನ್ನೆ ಆಗುತ್ತದೆ. ಖಾಲಿ ಮನೆಗಳಲ್ಲಿ ಅತಿ ಚಿಕ್ಕ ಅಂಕಿ ಅಂಕೋಲಾ–ಡಮ್ಮಿಯ 1, ಋಣ ಎಲ್ಲೂ ಇಲ್ಲ. 2200ಕ್ಕಿಂತ ಕಡಿಮೆ ಸಾಧ್ಯವಿಲ್ಲ. ಸೊನ್ನೆಯೂ ಎಲ್ಲೂ ಇಲ್ಲದ್ದರಿಂದ ಇಷ್ಟೇ ಖರ್ಚಿನ ಬೇರೆ ಹಂಚಿಕೆಯೂ ಇಲ್ಲ.

ಪರೀಕ್ಷೆ ಬರೆಯುವಾಗ ಏನು ಮಾಡಬೇಕು ಅಂತಲೂ ಹೇಳಿಬಿಡುತ್ತೇನೆ. ಪಠ್ಯದಲ್ಲಿ ಸಾಮಾನ್ಯವಾಗಿ ಡಮ್ಮಿಗೆ ಸೊನ್ನೆ ಅಂತಲೇ ಇರುತ್ತದೆ, ಮೌಲ್ಯಮಾಪಕರೂ ಅದನ್ನೇ ನೋಡುತ್ತಾರೆ. ಅಲ್ಲಿ ಸೊನ್ನೆಯಿಂದಲೇ ಮಾಡಿ, ಮೋಡಿಯಿಂದ ಸುಧಾರಿಸಿ. ಬರೀ ಆರಂಭದ ಹಂಚಿಕೆ ಕೇಳಿದ್ದರೆ 2440ಕ್ಕೆ ಪೂರ್ತಿ ಅಂಕ ಸಿಗಬೇಕು. ಪ್ರಾಜೆಕ್ಟಿನಲ್ಲಿ ಮಾತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಯಾವ ಅಂಕಿ ಬರೆದಿರಿ, ಯಾಕೆ ಬರೆದಿರಿ ಅಂತ ಒಂದು ಸಾಲು ಸೇರಿಸಿ.

ನೀವು ತಗೊಂಡ ವಿಷಯ ಐಸ್ ಆದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ಇದುವರೆಗೆ ನಾವು ಉಳಿದ ಬ್ಲಾಕಿಗೆ ಖರ್ಚಿಲ್ಲ, ಇದ್ದರೂ ಮೂರೂ ಪ್ಲಾಂಟಿನಲ್ಲಿ ಒಂದೇ ಅಂತ ಇಟ್ಟುಕೊಂಡೆವು. ಮೆಷಿನ್ ನಿಲ್ಲಿಸಿ 60 ಬ್ಲಾಕ್ ಮಾಡದೇ ಇರುವುದಾದರೆ, ಮಾಡುವ ಖರ್ಚು ಮೂರೂ ಕಡೆ ಒಂದೇ ಆದರೆ, ಇದು ಸರಿ. ಮಾಡುವ ಖರ್ಚು ಬೇರೆ ಬೇರೆ ಇದ್ದರೆ ಅದನ್ನು ಪ್ರತಿ ಪ್ಲಾಂಟಿನ ನಿಜವಾದ ಮನೆಗಳಿಗೆ ಸಾಗಣೆ ದರದ ಜೊತೆ ಕೂಡಿಸಬೇಕು, ಡಮ್ಮಿಯಲ್ಲಿ ಸೊನ್ನೆ ಉಳಿಯಬೇಕು. ಐಸ್ ಆಗಲೇ ಗಟ್ಟಿಯಾಗಿ ಕೂತಿದ್ದರೆ ಕಥೆ ಬೇರೆ. ಅದನ್ನು ಕರಗದಂತೆ ಇಡಬೇಕು, ಕರೆಂಟ್ ಬೇಕು, ಕೋಣೆ ಬೇಕು. ಅದು ಪ್ಲಾಂಟಿಂದ ಪ್ಲಾಂಟಿಗೆ ಬೇರೆ. ಆಗ ಡಮ್ಮಿ ಕಾಲಂನಲ್ಲಿ ಬರೆಯುವುದು ಮನಸ್ಸಿಗೆ ಬಂದ ಅಂಕಿಯಲ್ಲ, ನಿಜವಾದ ಖರ್ಚು.

ಉದಾಹರಣೆಗೆ ಒಂದು ಬ್ಲಾಕ್ ಇಟ್ಟುಕೊಳ್ಳಲು ಅಂಕೋಲಾದಲ್ಲಿ 2, ಕುಮಟಾದಲ್ಲಿ 5, ಹೊನ್ನಾವರದಲ್ಲಿ 3 ರೂಪಾಯಿ ಅಂತ ಇಟ್ಟುಕೊಳ್ಳೋಣ. ಮೇಲಿನ ಉತ್ತಮ ಹಂಚಿಕೆಯ ಖರ್ಚು ಈಗ 2200ಕ್ಕೆ ಕುಮಟಾದ 60 ಬ್ಲಾಕಿನ 300 ಸೇರಿ 2500. ಇದು ಈಗಲೂ ಉತ್ತಮವೇ? ಡಮ್ಮಿಯ v 5 ಆಯಿತು. ಹೊನ್ನಾವರ–ಡಮ್ಮಿಯಲ್ಲಿ 3 − (−4 + 5) = 2, ಪರವಾಗಿಲ್ಲ. ಅಂಕೋಲಾ–ಡಮ್ಮಿಯಲ್ಲಿ 2 − (−1 + 5) = −2. ಅಂದರೆ ಅಂಕೋಲಾದಲ್ಲಿ ಸ್ವಲ್ಪ ಉಳಿಸಿಕೊಳ್ಳುವುದು ಲಾಭ. ಅಂಕೋಲಾ ತದಡಿಗೆ ಕಳಿಸುತ್ತಿದ್ದ 30ನ್ನು ನಿಲ್ಲಿಸಿ ಅಲ್ಲೇ ಇಡಲಿ, ಕುಮಟಾ ತನ್ನ ಉಳಿಕೆಯಿಂದ 30 ತೆಗೆದು ತದಡಿಗೆ ಕಳಿಸಲಿ. ಈಗ ತದಡಿಯ 60 ಪೂರ್ತಿ ಕುಮಟಾದ್ದು, ಉಳಿಕೆ ಅಂಕೋಲಾದಲ್ಲಿ 30, ಕುಮಟಾದಲ್ಲಿ 30. ಖರ್ಚು 810 + 480 + 140 + 800 + 60 + 150 = 2440. 60 ರೂಪಾಯಿ ಉಳಿಯಿತು. ಮತ್ತೆ ಪರೀಕ್ಷಿಸಿದರೆ ಋಣ ಎಲ್ಲೂ ಇಲ್ಲ. ಈ 2440ಕ್ಕೂ ನಿಮ್ಮ ಮೊದಲ ಉತ್ತರಕ್ಕೂ ಸಂಬಂಧವಿಲ್ಲ, ಅಂಕಿ ಒಂದೇ ಬಂದದ್ದು ಆಕಸ್ಮಿಕ, ಗೊಂದಲ ಬೇಡ.

ಸೊನ್ನೆ ಇದ್ದಾಗ ಅಂಕೋಲಾ–ಡಮ್ಮಿಯ ಪರೀಕ್ಷೆಯಲ್ಲಿ 1 ಬಂದಿತ್ತು, ನೆನಪಿದೆಯಾ? ಅದರ ಅರ್ಥ ಇಲ್ಲಿ ಕಾಣುತ್ತದೆ. ಐಸ್ ಇಟ್ಟುಕೊಳ್ಳುವ ಖರ್ಚು ಅಂಕೋಲಾಕ್ಕಿಂತ ಕುಮಟಾದಲ್ಲಿ 1 ರೂಪಾಯಿಗಿಂತ ಜಾಸ್ತಿ ಆದ ಕ್ಷಣ ಉಳಿಕೆ ಅಂಕೋಲಾದ ಕಡೆ ಸರಿಯುತ್ತದೆ. ಇಲ್ಲಿ ವ್ಯತ್ಯಾಸ 3 ಇತ್ತು, ಸರಿಯಿತು. ಹೊನ್ನಾವರದ್ದು 4 ಬಂದಿತ್ತು. ಅಲ್ಲಿ ಇಟ್ಟುಕೊಳ್ಳುವುದು ಕುಮಟಾಕ್ಕಿಂತ 4ಕ್ಕೂ ಜಾಸ್ತಿ ಅಗ್ಗ ಆದರೆ ಮಾತ್ರ ಹೊನ್ನಾವರದ ಐಸ್ ನಿಲ್ಲಿಸುವುದು ಲಾಭ. ನಿಮ್ಮ ಪ್ರಾಜೆಕ್ಟಿನಲ್ಲಿ ಪ್ಲಾಂಟ್ ಮಾಲೀಕರಿಗೆ ಹೇಳಲು ಇದಕ್ಕಿಂತ ಉಪಯೋಗದ ಎರಡು ಅಂಕಿ ಸಿಗುವುದು ಕಷ್ಟ.

ದರ ಬೇರೆ ಬೇರೆ ಇದ್ದಾಗ ಗೋಯಲ್ ದಾರಿ ಹಿಡಿಯಬಹುದಾ ಅಂತ ನೀವು ಕೇಳಬಹುದು. ಹಿಡಿಯಬಹುದು, ಆದರೆ ಮೂರೂ ಮನೆಯಲ್ಲಿ 22 ಬರೆದು ವ್ಯತ್ಯಾಸ ಅಳಿಸಬಾರದು. ಮೂರಕ್ಕೂ ಒಂದೇ ಅಂಕಿ ಕೂಡಿಸಿ, ಉದಾಹರಣೆಗೆ 20 ಕೂಡಿಸಿ 22, 25, 23 ಅಂತ ಬರೆಯಿರಿ. ಅವುಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ, ಡಮ್ಮಿ ಸಾಲಿನ ಅಗ್ಗದ ಮನೆಯಾಗಿ ಮುಂದೆ ಬರುವುದೂ ಇಲ್ಲ. ಕೊನೆಗೆ ಖರ್ಚು ಹಾಕುವಾಗ 2, 5, 3 ಹಿಡಿಯಿರಿ.

ಯಾವುದಾದರೂ ಪ್ಲಾಂಟ್ ತನ್ನ ಐಸ್ ಪೂರ್ತಿ ಮಾರಲೇಬೇಕು ಅಂತ ಮೊದಲೇ ಮಾತಾಗಿದ್ದರೆ ಅದರ ಡಮ್ಮಿ ಮನೆಯಲ್ಲಿ ಬಹಳ ದೊಡ್ಡ ಅಂಕಿ, 1000 ಅಂತ ಬರೆಯಿರಿ. ಆಗ ಅಲ್ಲಿ ಉಳಿಕೆ ಬೀಳುವುದಿಲ್ಲ. ಡಿಮ್ಯಾಂಡ್ ಜಾಸ್ತಿ, ಸಪ್ಲೈ ಕಡಿಮೆ ಆದ ದಿನ ಕಾಲಂ ಬದಲು ಡಮ್ಮಿ ಸಾಲು ಬರುತ್ತದೆ. ಆಗ ಸೊನ್ನೆ ಕೆಡಿಸುವುದು ಸಾಲುಗಳ ಪೆನಾಲ್ಟಿಯನ್ನಲ್ಲ, ಕಾಲಂಗಳದ್ದನ್ನು. ಮೇಲೆ ಹೇಳಿದ್ದೆಲ್ಲ ಅಡ್ಡ ಇದ್ದದ್ದು ಉದ್ದ ಆಗುತ್ತದೆ, ಅಷ್ಟೇ.

ನಿಮ್ಮ 240ರ ಡಿಮ್ಯಾಂಡ್ ಯಾವ ತಿಂಗಳದ್ದು ಅಂತ ಹಾಳೆಯಲ್ಲಿ ಬರೆದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಆಗ ಬಂದರುಗಳ ಐಸ್ ಬೇಡಿಕೆಯೂ ಬಿದ್ದುಹೋಗುತ್ತದೆ. ಆ ಎರಡು ತಿಂಗಳಿಗೆ ಬೇರೆ ಕೋಷ್ಟಕ ಮಾಡಿ. ಡಮ್ಮಿಯ ಡಿಮ್ಯಾಂಡ್ 60ರಿಂದ 200ಕ್ಕೆ ಏರಿದರೆ ಅದು ಒಂದೇ ಪ್ಲಾಂಟಿನಲ್ಲಿ ಹಿಡಿಸುವುದಿಲ್ಲ, ಎರಡೋ ಮೂರೋ ಪ್ಲಾಂಟಿಗೆ ಹಂಚಿಹೋಗುತ್ತದೆ. ಸೊನ್ನೆ ಮತ್ತು 22 ಎರಡರಿಂದಲೂ ಆ ಲೆಕ್ಕ ಮಾಡಿ, ಎರಡನ್ನೂ ಮೋಡಿ ಪರೀಕ್ಷೆಗೆ ಹಾಕಿ ಕಳಿಸಿ, ನೋಡಿ ಹೇಳುತ್ತೇನೆ.